ಫ್ಲಶ್ಶಿನೊಳಗಿನ ಉಡಿ ಅಕ್ಕಿ

ಸತ್ಯನಾರಾಯಣಪೇಟೆಯ ಹತ್ತಿರ ಒಂದು ಕಲ್ಯಾಣಮಂಟಪದಲ್ಲಿ ನಾನು ಸಂಡಾಸು ತೊಳೆಯುವ ಕೆಲಸಕ್ಕಿದ್ದೆ. ಸಿರುಗುಪ್ಪದ ಕಡೆಯ ದೇಶನೂರಿನಲ್ಲಿ ಗದ್ದೆಯಲ್ಲಿ ಬಾಗಿ ಬಾಗಿ ಸೊಂಟ ಹೋಯಿತು ಅಂತ ಬಳ್ಳಾರಿಗೆ ಬಂದವಳು, ಇಲ್ಲಿ ಕಮೋಡಿನ ಮುಂದೆ ಬಾಗಿದೆ. ಬಾಗುವುದು ತಪ್ಪಲಿಲ್ಲ. ಗದ್ದೆಯ ಕೆಸರಿಗೆ ಒಂದು ಮರ್ಯಾದೆ ಇರುತ್ತದೆ. ಇಲ್ಲಿಯದಕ್ಕೆ ಅದೂ ಇಲ್ಲ.

ಮದುವೆಗೆ ಬರುವವರನ್ನು ಬಾಗಿಲಲ್ಲಿ ನೋಡಿದರೆ ದೇವರು ಬಂದಂತೆ ಇರುತ್ತಾರೆ. ರೇಷ್ಮೆ, ಮಲ್ಲಿಗೆ, ಅತ್ತರು. ಅವರೇ ಎದ್ದು ಹೋದ ಮೇಲೆ ಸಂಡಾಸಿನ ಬಾಗಿಲು ತೆಗೆದರೆ ಎಮ್ಮೆ ಕಟ್ಟಿದ ಜಾಗವೇ ವಾಸಿ ಅನ್ನಿಸುತ್ತದೆ. ಕಮೋಡಿನ ಮೇಲೆ ಚಪ್ಪಲಿ ಸಮೇತ ಹತ್ತಿ ಕೂತಿರುತ್ತಾರೆ. ಮೂಲೆಗೆ ಎಲೆಯಡಿಕೆ ಉಗುಳಿರುತ್ತಾರೆ. ಕೂಸಿನ ಚಡ್ಡಿಯನ್ನು ಅದರಲ್ಲಿರುವುದರ ಜೊತೆಗೇ ಕಿಟಕಿಯಲ್ಲಿ ತುರುಕಿ ಹೋಗಿರುತ್ತಾರೆ. ನೀರು ಹಾಕುವುದಂತೂ ಯಾರಿಗೂ ಗೊತ್ತಿಲ್ಲ. ಹಾಕುವವಳು ಒಬ್ಬಳಿದ್ದಾಳಲ್ಲ ಅಂತ ಧೈರ್ಯ.

ಮದುಮಗಳ ಕೋಣೆಯ ಬಾತ್‌ರೂಮು ಮಾತ್ರ ಬೇರೆ. ಓನರು ಯಾವುದೋ ದೊಡ್ಡ ಹೋಟೆಲಿನಲ್ಲಿ ನೋಡಿ ಬಂದು ಅಂಥದ್ದೇ ಬೇಕು ಅಂತ ಮಾಡಿಸಿದ್ದರು. ಅಲ್ಲಿ ಕಮೋಡಿನ ಬೆನ್ನಿಗೆ ನೀರಿನ ಡಬ್ಬಿ ಕಾಣುವುದಿಲ್ಲ. ಎದೆಮಟ್ಟದ ಒಂದು ಗೋಡೆ ಕಟ್ಟಿ ಅದರೊಳಗೆ ಡಬ್ಬಿ ಮುಚ್ಚಿಟ್ಟಿದ್ದಾರೆ. ಹೊರಗೆ ಕಾಣುವುದು ಅಂಗೈಗಿಂತ ದೊಡ್ಡದಾದ ಒಂದು ಹೊಳೆಯುವ ತಗಡು, ಅದರಲ್ಲಿ ಎರಡು ಬಟನ್ನು. ಸಣ್ಣದು ಒಂದಕ್ಕೆ ಹೋದರೆ, ದೊಡ್ಡದು ಎರಡಕ್ಕೆ ಹೋದರೆ. ಸಣ್ಣದು ಒತ್ತಿದರೆ ಸ್ವಲ್ಪ ನೀರು, ದೊಡ್ಡದು ಒತ್ತಿದರೆ ಪೂರ್ತಿ ನೀರು. ಬಂದವರು ಯಾವುದು ಏನು ಅಂತ ನೋಡುವುದಿಲ್ಲ, ಎರಡರ ಮೇಲೂ ಮುಷ್ಟಿಯಿಂದ ಗುದ್ದುತ್ತಾರೆ.

ಆ ಗಿಡ್ಡ ಗೋಡೆಯ ನೆತ್ತಿಗೆ ಕರಿಕಲ್ಲು ಹಾಸಿ ಕಟ್ಟೆಯ ಹಾಗೆ ಮಾಡಿದ್ದರು. ಎಲ್ಲ ತಾಪತ್ರಯ ಆ ಕಟ್ಟೆಯಿಂದ.

ನಮ್ಮ ಕಡೆ ಮದುಮಗಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಒಣಕೊಬ್ಬರಿ, ಅರಿಶಿನ ಕೊಂಬು, ಅಡಿಕೆ, ಎಲೆ. ಎಲ್ಲವನ್ನೂ ಸೆರಗಿಗೆ ಹಾಕಿ ಗಂಟು ಹೊಡೆದು ಸೊಂಟಕ್ಕೆ ಸಿಕ್ಕಿಸುತ್ತಾರೆ. ಒಬ್ಬರಲ್ಲ, ಇಬ್ಬರಲ್ಲ, ಅತ್ತಿ, ಚಿಗವ್ವ, ಸೋದರತ್ತಿ, ಎಲ್ಲರೂ ತುಂಬುತ್ತಾರೆ. ಹುಡುಗಿಯ ಸೊಂಟದಲ್ಲಿ ಗದ್ದೆಯ ಮೂಟೆ. ಅಷ್ಟರಲ್ಲಿ ಅವಳಿಗೆ ಸಂಡಾಸಿಗೆ ಅವಸರವಾಗುತ್ತದೆ. ಉಡಿ ಕಟ್ಟಿಕೊಂಡು ಕೂಡುವ ಹಾಗಿಲ್ಲ. ಬಿಚ್ಚಿ ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ, ಉಡಿ ಬೇರೆಯವರ ಪಾಲಾಯಿತು ಅಂತಾರೆ. ನೆಲಕ್ಕೆ ಇಡುವ ಹಾಗಂತೂ ಇಲ್ಲ. ಆಗ ಆ ಕಟ್ಟೆ ಕಣ್ಣಿಗೆ ಬೀಳುತ್ತದೆ. ಸೆರಗು ಹಿಂದಕ್ಕೆ ಎಳೆದು ಗಂಟನ್ನು ಕಟ್ಟೆಯ ಮೇಲೆ ಇಟ್ಟು ಕೂಡುತ್ತಾಳೆ. ಗಂಟು ಸಡಿಲವಾಗಿ ಅಕ್ಕಿ ಸುರಿಯುತ್ತದೆ. ಅದೇ ಅಕ್ಕಿಯನ್ನು ಆಮೇಲೆ ಮನೆಯಲ್ಲಿ ಹುಗ್ಗಿ ಮಾಡಿ ಉಣ್ಣುತ್ತಾರೆ. ನನಗೆ ಯಾರಾದರೂ ಉಡಿ ಅಕ್ಕಿಯ ಹುಗ್ಗಿ ಕೊಟ್ಟರೆ ನಾನು ಎದ್ದು ಹೋಗುತ್ತೇನೆ. ಅದು ಎಲ್ಲಿ ಕೂತು ಬಂದದ್ದು ನನಗೆ ಗೊತ್ತು.

ಅಕ್ಕಿ ಸುರಿಯುವುದು ಕಟ್ಟೆಯ ಅಂಚಿನಿಂದ ನೇರ ಆ ಬಟನ್ನಿನ ತಗಡಿನ ಮೇಲೆ. ಎದ್ದವಳು ಅರಿಶಿನೆಣ್ಣೆ ಹಚ್ಚಿದ ಕೈಯಿಂದಲೇ ಬಟನ್ನು ಒತ್ತುತ್ತಾಳೆ. ಎಣ್ಣೆ, ಅರಿಶಿನ, ಅಕ್ಕಿಕಾಳು, ಎಲ್ಲ ಬಟನ್ನಿನ ಸಂದಿಗೆ. ನಾವು ಮೇಲೆ ಮೇಲೆ ಒರೆಸುತ್ತಿದ್ದೆವು. ಒಳಗಿನದು ಒಳಗೇ.

ನಾವು ಅಂದರೆ ನಾನು ಮತ್ತು ಕುರುಗೋಡಿನವಳು. ನನಗಿಂತ ಬಹಳ ಚಿಕ್ಕವಳು, ಗಂಡ ಸತ್ತವಳು. ಊರಲ್ಲಿ ಭಾವಂದಿರು ಮನೆಗೆ ಸೇರಿಸಲಿಲ್ಲ. ಮಂಟಪದ ಹಿಂದೆ ಜನರೇಟರ್ ಪಕ್ಕ ಒಂದು ಕೋಣೆ ಇತ್ತು, ಕೆಲಸಕ್ಕಿದ್ದಷ್ಟು ದಿನ ಅದರಲ್ಲಿ ಇರು ಅಂತ ಕೊಟ್ಟಿದ್ದರು. ಕೆಲಸ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಅವಳಿಗೆ ಬಸ್‌ಸ್ಟ್ಯಾಂಡೇ. ಇದು ಅವಳಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ಅದಕ್ಕೇ ಅವನು ಯಾವುದಕ್ಕಾದರೂ ಬೈಯಬೇಕಾದರೆ ನನ್ನನ್ನು ಬಿಟ್ಟು ಅವಳನ್ನು ಬೈಯುತ್ತಿದ್ದ. ನಾನು ತಿರುಗಿ ಬೈಯುತ್ತೇನೆ ಅಂತ.

ಒಂದು ಮದುವೆಯ ದಿನ ಊಟದ ಹೊತ್ತಿಗೆ ನೀರು ನಿಂತಿತು. ಮೊದಲ ಪಂಕ್ತಿ ಎದ್ದು ಕೈ ತೊಳೆಯಲು ನಿಂತಿದೆ, ನಲ್ಲಿ ತಿರುವಿದರೆ ಗೊರ್ ಅಂತ ಗಾಳಿ. ಮೇಲಿನ ಟ್ಯಾಂಕು ಖಾಲಿ, ಕೆಳಗಿನ ಸಂಪು ಖಾಲಿ. ಬಳ್ಳಾರಿಯಲ್ಲಿ ನಲ್ಲಿಗೆ ನೀರು ಬೇಕು ಅಂದಾಗ ಬರುವುದಿಲ್ಲ, ಬಂದಾಗ ಹಿಡಿದಿಡಬೇಕು. ಹಿಡಿದಿಟ್ಟದ್ದು ಒಂದೇ ರಾತ್ರಿಯಲ್ಲಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಜನ ಸಾಂಬಾರಿನ ಕೈ ಹಿಡಿದುಕೊಂಡು ಹುಡುಗಿಯ ಕಡೆಯವರ ಮೇಲೆ ಹರಿಹಾಯ್ದರು. ಒಬ್ಬ ದೊಡ್ಡ ಮನುಷ್ಯ ಬಾಗಿಲ ಪರದೆಗೆ ಕೈ ಒರೆಸಿದ. ಒಬ್ಬ ನೋಡಿದ್ದೇ ತಡ, ಎಲ್ಲರೂ ಒರೆಸಿದರು. ಆ ಪರದೆ ಒಗೆದವಳು ನಾನು. ಸಂಡಾಸುಗಳ ಕಥೆ ಹೇಳುವುದಿಲ್ಲ. ನೀರಿಲ್ಲದ ಸಂಡಾಸು, ಮದುವೆಯ ಊಟ, ಬಿಸಿಲು. ಅಷ್ಟು ಸಾಕು.

ಟ್ಯಾಂಕರ್ ತರಿಸಿ ಮದುವೆ ಮುಗಿಸಿದರು. ಜನ ಹೋದ ಮೇಲೆ ಮ್ಯಾನೇಜರು ಕುರುಗೋಡಿನವಳನ್ನು ಕರೆದ. ಇನ್ನೂ ವಯಸ್ಸಿನವನು, ಓನರಿಗೆ ದೂರದ ಸಂಬಂಧ, ಯಾವಾಗಲೂ ಬಿಳಿ ಅಂಗಿ.

“ಮುಂಜಾನಿ ಮದುಮಗಳ ರೂಮಿನ್ಯಾಗ ಬಕೀಟು ತುಂಬಿದ್ದು ಯಾರು?” ಅಂದ.

“ನಾನ ರೀ.”

“ನಲ್ಲಿ ಬಿಟ್ಟು ಬಂದೀ.”

“ಇಲ್ರಿ. ಬಂದ್ ಮಾಡೇ ಬಂದೀನ್ರಿ.”

“ಹಂಗಾದ್ರ ಟ್ಯಾಂಕಿನ ನೀರು ಎಲ್ಲಿ ಹೋತು? ನೀ ಕುಡದ್ಯೇನು?”

ನಾನು ಅಲ್ಲೇ ಕಸ ಹೊಡೆಯುತ್ತಿದ್ದೆ. “ನಲ್ಲಿ ಬಿಟ್ಟಿದ್ರ ಕೆಳಗಿನ ಬಕೀಟು ತುಂಬಿ ಬಾತ್‌ರೂಮಿನ ಹೊರಗ ನೀರು ಬರ್ತಿತ್ತು. ಅಲ್ಲಿ ಮ್ಯಾಟು ಒಣಗಿತ್ತು. ನಾ ನೋಡೀನಿ,” ಅಂದೆ.

“ನೀ ಸುಮ್ಕಿರವ್ವಾ. ಓನರ್ ಫೋನಿನ್ಯಾಗ ನನ್ನ ತಾಯಿ ತಂದಿ ಎಲ್ಲಾರ್ನೂ ಎತ್ಯಾರ. ಯಾರಾದ್ರೂ ಒಬ್ರ ಹೆಸ್ರು ಹೇಳಬೇಕಿತ್ತು, ಹೇಳೀನಿ.” ಅವಳ ಕಡೆ ತಿರುಗಿದ. “ನಾಳಿ ರೂಮಿನ ಕೀಲಿ ಕೊಟ್ಟು ಹೋಗು.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು. “ದೊಡ್ಡವ್ವಾ, ನಾ ಖರೇವಂದ್ರೂ ಬಂದ್ ಮಾಡೀನಿ,” ಅಂದಳು ನನಗೆ.

“ನನಗ್ಯಾಕ ಹೇಳ್ತಿ? ನನ್ನ ಕೈಯಾಗ ಕೀಲಿ ಐತೇನು?” ಅಂದೆ.

ಮರುದಿನ ಮುಂಜಾನೆ ನಾನು ಹೋದಾಗ ಅವಳ ಬಟ್ಟೆಗಂಟು ಬಾಗಿಲಲ್ಲಿ ಇತ್ತು. ಕೀಲಿ ಕೈಯಲ್ಲೇ ಇತ್ತು. ಆದರೆ ಮ್ಯಾನೇಜರಿಗೆ ಅದನ್ನು ತೆಗೆದುಕೊಳ್ಳಲು ಪುರುಸೊತ್ತಿರಲಿಲ್ಲ. ಹಿಂದಿನ ಸಂಜೆ ಉಳಿದ ಟ್ಯಾಂಕರ್ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದ್ದು ರಾತ್ರಿ ಕಳೆಯುವುದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದುಹೋಗಿತ್ತು. ಮಂಟಪದಲ್ಲಿ ಒಂದು ನರಪಿಳ್ಳೆ ಇಲ್ಲ, ಎಲ್ಲ ನಲ್ಲಿಯೂ ಬಂದ್. ಮಧ್ಯಾಹ್ನ ಸೀಮಂತದ ಪಾರ್ಟಿ ಬರುವುದಿದೆ. ಅವನು ಪ್ಲಂಬರ್ ಭಾಯಿಗೆ ಫೋನು ಮಾಡಿದ.

ಭಾಯಿ ನಮಗೆ ಗೊತ್ತಿದ್ದವನೇ. ಏನು ಕೆಟ್ಟರೂ ಅವನೇ ಬರುತ್ತಿದ್ದ. ಬಾಯಲ್ಲಿ ಸದಾ ಗೊಣಗು, ಹೇಳಿದ ಹೊತ್ತಿಗೆ ಎಂದೂ ಬರುವವನಲ್ಲ. ಅವತ್ತು ಮಾತ್ರ ಬೇಗ ಬಂದ. ಮೋಟಾರು ನೋಡಿದ, ಮೇಲೆ ಹತ್ತಿ ಟ್ಯಾಂಕು ನೋಡಿದ, ಇಳಿದು ಬಂದು, “ಎಲ್ಲಾ ಫ್ಯಾನ್ ಬಂದ್ ಮಾಡ್ರಿ. ಮಾತೂ ಬಂದ್ ಮಾಡ್ರಿ,” ಅಂದ.

ಮಂಟಪವೆಲ್ಲ ಸುಮ್ಮನಾಯಿತು. ಅವನು ಒಂದೊಂದೇ ಬಾಗಿಲಿಗೆ ಕಿವಿ ಇಡುತ್ತ ಹೋದ. ಮದುಮಗಳ ಕೋಣೆಗೆ ಬಂದು ನಿಂತ. ಕಮೋಡಿನ ಹಿಂದಿನ ಗೋಡೆಯೊಳಗೆ ಸುಂಯ್ ಅಂತ ಸಣ್ಣ ಸದ್ದು. ಮದುವೆಯಲ್ಲಿ ವಾಲಗ, ಮೈಕು, ಹೆಂಗಸರ ಬಾಯಿ. ಇದು ಯಾರಿಗೆ ಕೇಳಬೇಕು?

“ಅವ್ವಾ, ಒಂದು ಒಣ ಬಟ್ಟಿ ಕೊಡು,” ಅಂದ. ಕಮೋಡಿನ ಒಳಗಿನ ಹಿಂಬದಿಯನ್ನು ಒರೆಸಿದ. ಊಟದ ಹಾಲಿನಿಂದ ಕೈ ಒರೆಸುವ ಕಾಗದ ತರಿಸಿ ಅಲ್ಲಿ ಅಂಟಿಸಿದ. ನೋಡನೋಡುತ್ತ ಕಾಗದ ನೆಂದು ಜಾರಿ ಕೆಳಗೆ ಬಿತ್ತು.

“ಬಟನ್ ಯಾರೂ ಒತ್ತಿಲ್ಲ. ನೀರು ತಾನ ಇಳ್ಯಾಕತ್ತೈತಿ. ಒಳಗಿನ ಡಬ್ಬಿ ಸೋರಿ ಕಮೋಡಿಗೆ ಹೋಗ್ತೈತಿ. ಡಬ್ಬಿ ಖಾಲಿ ಆದಂಗ ಮ್ಯಾಲಿಂದ ಮತ್ತ ತುಂಬತೈತಿ. ನಿಮ್ಮ ಟ್ಯಾಂಕು ಹಿಂಗ ಹೋಗೇತಿ ಸಾರ್, ಅದು ಇಳಿದಂಗ ಮೋಟಾರು ಏರ್ಸಿದ ಸಂಪಿನ ನೀರೂ ಹಿಂಗ.”

ಆಗ ನನಗೆ ಒಂದು ನೆನಪಾಯಿತು. ಆ ಬಿಳಿ ಕಮೋಡಿನ ಹಿಂಬದಿಯಲ್ಲಿ ಕೆಂಚು ಗೆರೆಯೊಂದು ಮೂಡುತ್ತಲೇ ಇತ್ತು. ನಮ್ಮ ಉಪ್ಪುನೀರು ಹರಿದಲ್ಲೆಲ್ಲ ಹಾಗೆ ಕರೆ ಕಟ್ಟುತ್ತದೆ. ನಾವಿಬ್ಬರೂ ಅದನ್ನು ಬಂದವರ ಹೊಲಸು ಅಂದುಕೊಂಡು, ಬೈದುಕೊಂಡು, ಆ್ಯಸಿಡ್ ಹಾಕಿ ತಿಕ್ಕಿ ತಿಕ್ಕಿ ಬಿಳಿ ಮಾಡುತ್ತಿದ್ದೆವು. ಸೋರುತ್ತಿದೆ ಅಂತ ಗೋಡೆ ಹೇಳುತ್ತಿತ್ತು, ನಾವು ಅದರ ಬಾಯಿ ತೊಳೆದು ಮುಚ್ಚುತ್ತಿದ್ದೆವು.

ಮ್ಯಾನೇಜರು ಅಷ್ಟಕ್ಕೆ ಬಿಡುವವನಲ್ಲ. “ನಲ್ಲಿ ಅಲ್ಲ ಅಂದ್ರ ಇದು ಅನ್ರಿ. ಇದನ್ನ ಕೆಡಿಸಿದ್ದು ಯಾರು? ದಿನಾ ಇದರಾಗ ಕೈ ಆಡ್ಸಾಕಿ ಈಕಿನ. ಗುದ್ದಿ ಗುದ್ದಿ ಹಾಳ ಮಾಡ್ಯಾಳ.”

ಕುರುಗೋಡಿನವಳು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

“ತಗದು ನೋಡೂಣು ತಡೀರಿ,” ಅಂದ ಭಾಯಿ. ಗೋಡೆ ಒಡೆಯಬೇಕಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಆ ಹೊಳೆಯುವ ತಗಡೇ ಬಾಗಿಲು. ಅದನ್ನು ಕೆಳಗಿನಿಂದ ಮೇಲಕ್ಕೆ ದಬ್ಬಿ ಮುಂದಕ್ಕೆ ಎಳೆದ. ಕಳಚಿ ಬಂತು. ಹಿಂದೆ ಕೈ ಹೋಗುವಷ್ಟು ಒಂದು ಕಿಂಡಿ.

ಕಿಂಡಿಯಿಂದ ಬಂದ ವಾಸನೆಗೆ ನಾನು, ಸಂಡಾಸು ತೊಳೆಯುವವಳು, ಸೆರಗು ಮೂಗಿಗೆ ಹಿಡಿದೆ. ಹುಳಿ ಬಂದ ಹಿಟ್ಟು, ಕಮಟಿದ ಎಣ್ಣೆ, ಕೊಳೆತ ನೀರು, ಮೂರೂ ಕೂಡಿದ ವಾಸನೆ. ತಗಡಿನ ಬೆನ್ನಿಗೆ ಹಳದಿ ಮೇಣದ ಹಾಗೆ ದಪ್ಪಗೆ ಕಟ್ಟಿತ್ತು. ಅದರಲ್ಲಿ ಅಕ್ಕಿಕಾಳು, ಉಬ್ಬಿದ್ದವು, ಒಣಗಿದ್ದವು, ಕರ್ರಗಾದವು. ಸಣ್ಣ ಬಟನ್ನು ಅದರಲ್ಲಿ ಸಿಕ್ಕು ಒತ್ತಿದ್ದು ಒತ್ತಿದ ಹಾಗೇ ನಿಂತಿತ್ತು. ಭಾಯಿ ಉಗುರಿನಿಂದ ಕೆರೆದ. ಅಕ್ಕಿಯ ಜೊತೆಗೆ ಒಂದು ಕಡ್ಡಿಯ ತುಂಡು ಕೆಳಗೆ ಬಿತ್ತು. ತೆಂಗಿನ ಕಸಬರಿಗೆಯ ಕಡ್ಡಿ.

ಮ್ಯಾನೇಜರಿಗೆ ಚಿನ್ನ ಸಿಕ್ಕ ಹಾಗಾಯಿತು. “ಇದೇನು? ಇದು ಮದುಮಗಳ ಕೊಳ್ಳಾಗಿಂದ ಬಿತ್ತೇನು?”

“ನಂದ ರೀ ಅದು,” ಅಂದಳು ಕುರುಗೋಡಿನವಳು. ನನಗೆ ಅವಳ ಬಾಯಿಗೆ ಹೊಡೆಯಬೇಕು ಅನ್ನಿಸಿತು. “ಬಟನ್ ಸಿಕ್ಕೊಂಡಾಗ ಸಂದ್ಯಾಗ ಕಡ್ಡಿ ಹಾಕಿ ಹೊರಗ ಎಬ್ಬಿಸ್ತಿದ್ದೆ. ಒಮ್ಮೆ ಮುರೀತು. ನಿಮಗ ಹೇಳಿದ್ದೆ ರೀ, ಬಟನ್ ಹಿಡೀತೈತಿ ಅಂತ.”

“ಯಾವಾಗ ಹೇಳಿದ್ಯವಾ?”

“ನೀವು ಫೋನಿನ್ಯಾಗ ಇದ್ರಿ. ಕೈ ಮಾಡಿ ಹೋಗು ಅಂದ್ರಿ.”

ಭಾಯಿ ಇವರ ಮಾತು ಕೇಳುತ್ತಿರಲಿಲ್ಲ. ತೋಳು ಮಡಚಿ ಕಿಂಡಿಯೊಳಗೆ ಕೈ ಹಾಕಿ ಒಳಗಿನ ಸಣ್ಣ ವಾಲ್ವ್ ತಿರುವಿ ನೀರು ಕಟ್ಟಿದ. ಸುಂಯ್ ಅನ್ನುವುದು ನಿಂತಿತು. ಡಬ್ಬಿಯಲ್ಲಿದ್ದ ನೀರನ್ನು ಕಮೋಡಿಗೆ ಬಿಟ್ಟು ಖಾಲಿ ಮಾಡಿದ. ಎರಡು ಬಟನ್ನಿನ ಹಿಂದೆ ಎರಡು ಪ್ಲಾಸ್ಟಿಕ್ ಕಡ್ಡಿಗಳಿದ್ದವು. ಬಟನ್ನು ಒತ್ತಿದರೆ ಆ ಕಡ್ಡಿ ಹೋಗಿ ಒಳಗಿನ ಸನ್ನೆಯನ್ನು ದಬ್ಬುತ್ತದೆ, ಸನ್ನೆ ವಾಲ್ವನ್ನು ಮೇಲೆತ್ತುತ್ತದೆ. ಕಡ್ಡಿಗಳನ್ನು ತಿರುವಿ ಬಿಚ್ಚಿದ. ಸನ್ನೆ ತೆಗೆದ. ನೀರು ತುಂಬುವ ವಾಲ್ವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಡುವಿನ ದೊಡ್ಡ ವಾಲ್ವನ್ನು ತಿರುಗಿಸಿ ಸಡಿಲಿಸಿ, ಎರಡು ತುಂಡು ಮಾಡಿ, ಆ ಸಣ್ಣ ಕಿಂಡಿಯಿಂದ ಹೊರಗೆ ಎಳೆದ. ದೊಡ್ಡ ಹೊಟ್ಟೆಯ ಕೂಸನ್ನು ಸಣ್ಣ ಬಾಗಿಲಿನಿಂದ ತೆಗೆದ ಹಾಗೆ.

ಅದರ ಬುಡದಲ್ಲಿ ಒಂದು ರಬ್ಬರ್ ಬಳೆ ಇರುತ್ತದೆ. ಅದು ಕೂತಾಗ ನೀರು ನಿಲ್ಲಬೇಕು. ಆ ರಬ್ಬರಿನ ಕೆಳಗೆ ಅಕ್ಕಿ. ಉಬ್ಬಿ, ಒಡೆದು, ಲೋಳೆಯಾಗಿ, ಕಪ್ಪು ಪಾಚಿ ಹಿಡಿದ ಅಕ್ಕಿ. ಹುಟ್ಟಿದಾಗಿನಿಂದ ಭತ್ತ ನೆಟ್ಟವಳು ನಾನು. ಸಿರುಗುಪ್ಪದ ಅಕ್ಕಿ ಅಂತ ಹೊರಗಿನವರು ಹೊಗಳುವುದನ್ನು ಕೇಳಿದವಳು. ಅನ್ನ ಇಂಥ ಜಾಗದಲ್ಲಿ ಹೀಗಾಗಿದ್ದನ್ನು ನೋಡಿ ಮುಖ ತಿರುಗಿಸಿದೆ. ಮಲ ನೋಡಿ ನಾನು ಎಂದೂ ಮುಖ ತಿರುಗಿಸಿದವಳಲ್ಲ. ಮಲ ಎಲ್ಲಿರಬೇಕೋ ಅಲ್ಲಿರುತ್ತದೆ.

ಭಾಯಿ ಅದನ್ನು ಮ್ಯಾನೇಜರಿನ ಮುಖದ ಹತ್ತಿರ ಹಿಡಿದ. “ನೋಡ್ರಿ ಸಾರ್, ಪಾಯಸ.”

“ಆಕಡಿ ತಗೊಳ್ಳೋ ಮಾರಾಯ!” ಅವನು ಕರ್ಚೀಫು ಮೂಗಿಗೆ ಹಿಡಿದು ಗೋಡೆಗೆ ಅಂಟಿದ.

“ಕೇಳ್ರಿ. ಎಣ್ಣಿ ಅರಿಶಿಣ ಬಟನ್ನಿಗೆ ಅಂಟಾಗಿ ಕುಂತೈತಿ. ಬಟನ್ ಹೊರಗ ಬರಂಗಿಲ್ಲ, ಅದರ ಹಿಂದಿನ ಕಡ್ಡಿ ದಬ್ಬಿಕೋತನ ಇರ್ತೈತಿ, ವಾಲ್ವ್ ಪೂರಾ ಕೂಡಂಗಿಲ್ಲ. ಅದರ ಮ್ಯಾಲ ಈ ರಬ್ಬರಿನ ಕೆಳಗ ಅಕ್ಕಿ. ಬಟನ್ ಸರಿ ಆದ್ರೂ ಇದು ಸೋರೋದ ಬಿಡಂಗಿಲ್ಲ.”

“ಈಕಿ ಕಸಬರಿಗಿ ಕಡ್ಡಿ ಹಾಕಿದ್ದಕ್ಕ ಅಕ್ಕಿ ಒಳಗ ಬಿದ್ದಾವು. ಹೌದೋ ಅಲ್ಲೋ?”

ಭಾಯಿ ಸುಳ್ಳು ಹೇಳಿದ್ದರೆ ನಾನು ಮೆಚ್ಚುತ್ತಿದ್ದೆ. ಅವನು ತಲೆ ಕೆರೆದುಕೊಂಡ. “ನಾಕು ಕಾಳು ದಬ್ಬಿರಬೋದು. ಅಲ್ಲ ಅನ್ನಾಕ ಬರಂಗಿಲ್ಲ.”

“ಮುಗೀತಲ್ಲ!” ಮ್ಯಾನೇಜರು ಅವಳ ಮುಂದೆ ಕೈ ಚಾಚಿದ. “ಕೀಲಿ ತಾ.”

ಅವಳು ಕೀಲಿ ಮುಂದೆ ಮಾಡಿದಳು. ಅಷ್ಟರಲ್ಲಿ ಭಾಯಿ ಮತ್ತೆ ಕಿಂಡಿಯೊಳಗೆ ಬಗ್ಗಿ ನೋಡುತ್ತಿದ್ದವನು, “ತಡೀರಿ, ತಡೀರಿ. ಕಾಳು ದಬ್ಬಿದ್ರೂ ಡಬ್ಬಿಯೊಳಗ ಹೆಂಗ ಬಿದ್ವು? ಇಲ್ಲಿ ಒಂದು ಮುಚ್ಚಳ ಇರಬೇಕು,” ಅಂದ.

“ಎಂಥಾ ಮುಚ್ಚಳ?”

“ತಗಡಿನ ಹಿಂದ, ಕಿಂಡಿ ಪೂರಾ ಮುಚ್ಚೋದು. ಬಿಳೀದು, ಪ್ಲಾಸ್ಟಿಕ್ಕು. ಆ ಎರಡು ಕಡ್ಡಿ ಬರಾಕ ಎರಡು ತೂತು ಇರ್ತಾವು. ಅದು ಇದ್ರ ಅಕ್ಕಿ ಮ್ಯಾಲ ಉಳೀತಾವು, ನೀರಿಗೆ ಬೀಳಂಗಿಲ್ಲ. ಈ ಮಾಡೆಲ್ಲಿನ್ಯಾಗ ಅದಿಲ್ದಿದ್ರೂ ಬಟನ್ ಕೆಲ್ಸ ಮಾಡ್ತೈತಿ, ಅದಕ್ಕ ಯಾರಿಗೂ ಗೊತ್ತಾಗಿಲ್ಲ.” ಆಮೇಲೆ ಅವನ ದನಿ ಸಣ್ಣದಾಯಿತು. “ಹೋದ ಸಲ ಬಟನ್ ಹಾಕಾಕ ಬಂದಾಗ ನಾನ ತಗದಿದ್ದೆ. ಮದುಮಗಳ ಕಡೇರು ಬಾಗ್ಲ ಬಡ್ಯಾಕತ್ತಿದ್ರು. ಸಾರ್, ನೀವ ‘ಸಾಕು, ಹೊರಗ ಬಾ, ಮುಚ್ಚಳ ನಾಳಿ ಹಾಕುವಂತಿ’ ಅಂದ್ರಿ. ಈ ಕಟ್ಟಿ ಮ್ಯಾಲ ಇಟ್ಟು ಹೋದೆ. ನಾಳಿ ಅಂದ್ರು, ಕರೀಲಿಲ್ಲ. ನಾನೂ ಮರ್ತೆ.”

ಎರಡು ತೂತಿನ ಬಿಳಿ ಪ್ಲಾಸ್ಟಿಕ್ಕು. ಅದು ನನಗೆ ಗೊತ್ತು. ಅದನ್ನು ನಾನು ದಿನಾ ತೊಳೆಯುತ್ತಿದ್ದೆ.

ನೇರ ಆಫೀಸಿಗೆ ಹೋದೆ. ಮ್ಯಾನೇಜರಿನ ಮೇಜಿನ ಮೇಲೆ ಅದು ಇತ್ತು. ಅದರ ಮೇಲೆ ಮೂರ್ನಾಲ್ಕು ಮಿರ್ಚಿ ಬಜ್ಜಿ, ಒಂದು ಹಿಡಿ ಮಂಡಕ್ಕಿ, ಪಕ್ಕಕ್ಕೆ ಟೀ ಗ್ಲಾಸು. ಅವನ ಮುಂಜಾನೆಯ ತಿಂಡಿ, ಭಾಯಿ ಬಂದನೆಂದು ಅರ್ಧಕ್ಕೆ ಬಿಟ್ಟು ಎದ್ದಿದ್ದ. ಕಟ್ಟೆಯ ಮೇಲಿಂದ ಯಾರೋ ತಂದು ಆಫೀಸಿನಲ್ಲಿ ಇಟ್ಟಿರಬೇಕು, ಚಂದದ ತಟ್ಟೆ ಅಂತ ಇವನು ಇಟ್ಟುಕೊಂಡಿದ್ದನೋ ಏನೋ. ತೂತಿನಿಂದ ಎಣ್ಣೆ ಇಳಿಯಲಿ ಅಂತ ಕೆಳಗೆ ಪೇಪರ್ ಬೇರೆ ಹಾಸುತ್ತಿದ್ದ. ಬಜ್ಜಿ ಸಮೇತ ಎತ್ತಿಕೊಂಡು ಬಂದು ಭಾಯಿಯ ಮುಂದೆ ಹಿಡಿದೆ.

“ಇದೇನು?”

ಭಾಯಿ ನೋಡಿದ. ಬಜ್ಜಿ ನೋಡಿದ. ಮ್ಯಾನೇಜರನ್ನು ನೋಡಿದ. “ಯಾ ಅಲ್ಲಾ,” ಅಂದ. “ಸಾರ್, ಇದು ಸಂಡಾಸದ್ದು ರೀ.”

“ಏನಂದಿ?”

“ಕಮೋಡಿನ ಡಬ್ಬಿದು. ಇದರ ಮ್ಯಾಲ ತಿಂತಿದ್ರೇನು?”

ಮ್ಯಾನೇಜರು ಓಡಿ ಹೋಗಿ ಕೈತೊಳೆಯುವ ಬೇಸಿನ್ನಿಗೆ ಬಗ್ಗಿದ. ಕಕ್ಕಿದ. ಅದನ್ನೂ ನಾವೇ ತೊಳೆಯಬೇಕು. ನಗಬೇಕಾಗಿತ್ತು, ನನಗೆ ನಗು ಬರಲಿಲ್ಲ. ಅವನು ಬಿಟ್ಟ ಬಜ್ಜಿಯನ್ನು ಅದೇ ಮುಚ್ಚಳದ ಮೇಲಿಂದ ಎಷ್ಟೋ ಸಲ ನಾನು ತಿಂದಿದ್ದೆ. ನನ್ನ ನಾಲಿಗೆಯನ್ನು ಬ್ರಷ್ಷಿನಿಂದ ತಿಕ್ಕಬೇಕು ಅನ್ನಿಸಿತು. ಕುರುಗೋಡಿನವಳು ಒಂದು ದಿನವೂ ತಿಂದಿರಲಿಲ್ಲ. ಅವನ ಎಂಜಲು ನನಗೆ ಬೇಡ ಅನ್ನುತ್ತಿದ್ದಳು. ಸೊಕ್ಕು ಅಂತ ನಾನು ಬೈದಿದ್ದೆ.

ಭಾಯಿ ಕೆಲಸ ಮುಗಿಸಿದ. ಡಬ್ಬಿಯ ತಳದಲ್ಲಿದ್ದ ಲೋಳೆಯನ್ನೆಲ್ಲ ಬಟ್ಟೆಯಿಂದ ಎತ್ತಿದ. ರಬ್ಬರು ಕೂಡುವ ಜಾಗದಲ್ಲಿ ಸುಣ್ಣದ ಪೊರೆ ಕಟ್ಟಿತ್ತು, ಒರೆಸಿ ನುಣ್ಣಗೆ ಮಾಡಿದ. ಹಳೆಯ ರಬ್ಬರಿನಲ್ಲಿ ಅಕ್ಕಿಯ ಅಚ್ಚು ಕೂತಿತ್ತು, ಇದು ಇನ್ನು ಕೂಡುವುದಿಲ್ಲ ಅಂತ ಬಿಸಾಕಿ ಚೀಲದಿಂದ ಹೊಸದು ಹಾಕಿದ. ತಗಡಿನ ಬೆನ್ನಿನ ಮೇಣವನ್ನು ನಾನು ಬಿಸಿನೀರು ಸೋಪಿನಿಂದ ತಿಕ್ಕಿಕೊಟ್ಟೆ. ವಾಲ್ವ್ ಒಳಗಿಟ್ಟು ತಿರುಗಿಸಿ ಕೂಡಿಸಿದ, ಸನ್ನೆ ಹಾಕಿದ, ಕಡ್ಡಿಗಳನ್ನು ಹಾಕಿ ಉದ್ದ ನೋಡಿದ. ಕಡ್ಡಿ ಉದ್ದವಾದರೆ ಬಟನ್ನು ಬಿಟ್ಟರೂ ಅದು ದಬ್ಬುತ್ತಲೇ ಇರುತ್ತದಂತೆ, ಸ್ವಲ್ಪ ಸಡಿಲ ಇರಬೇಕಂತೆ. ಮುಚ್ಚಳವನ್ನು ನಾನು ಸಾಬೂನು ಹಚ್ಚಿ ತೊಳೆದುಕೊಟ್ಟೆ, ಅದನ್ನು ಅದರ ಜಾಗಕ್ಕೆ ಒತ್ತಿ ಕೂಡಿಸಿದ. ಮೇಲೆ ತಗಡು. ಮುಚ್ಚಳ ಹಾಕುವ ಮೊದಲೇ ನೀರಿನ ವಾಲ್ವ್ ಬಿಟ್ಟಿದ್ದ. ಡಬ್ಬಿ ತುಂಬಿತು, ಸದ್ದು ನಿಂತಿತು. ಸಣ್ಣದು ಒತ್ತಿದ, ಹೊರಗೆ ಬಂತು. ದೊಡ್ಡದು ಒತ್ತಿದ, ಹೊರಗೆ ಬಂತು. ಮತ್ತೆ ತುಂಬಿ ಸುಮ್ಮನಾಯಿತು. ಕಮೋಡು ಒರೆಸಿ ಕಾಗದ ಅಂಟಿಸಿದ. ನಾವೆಲ್ಲ ನಿಂತು ಕಮೋಡಿನೊಳಗಿನ ಕಾಗದ ನೋಡಿದೆವು. ಒಣಗಿಯೇ ಇತ್ತು.

ಮಗ್ಗಿನ ತುಂಬ ಆ ಲೋಳೆ ಅಕ್ಕಿ. “ಇದನ್ನೆಲ್ಲಿ ಹಾಕ್ಲಿ ಅವ್ವಾ? ಉಡಿ ಅಕ್ಕಿ ಅಂತೀರಿ, ತಿಪ್ಪಿಗೆ ಹಾಕಬಾರ್ದಲ್ಲ,” ಅಂದ ಭಾಯಿ.

“ತಿಪ್ಪಿನೂ ಬ್ಯಾಡ ಅನ್ನೂವಂಗ ಆಗೇತಿ. ಚರಂಡಿಗೆ ಹಾಕು,” ಅಂದೆ.

ಮ್ಯಾನೇಜರು ಮುಖ ತೊಳೆದುಕೊಂಡು ಬಂದ. ಬಿಳಿ ಅಂಗಿಯ ಎದೆ ನೆಂದಿತ್ತು. ಯಾರ ಮುಖವನ್ನೂ ನೋಡದೆ ಕುರುಗೋಡಿನವಳಿಗೆ, “ಪಾರ್ಟಿ ಬರೋ ಹೊತ್ತಾತು. ಗಂಟು ಒಳಗಿಟ್ಟು ಹಾಲ್ ಒರಸು ಹೋಗು,” ಅಂದ.

ನಾನಾಗಿದ್ದರೆ ಹೋಗುತ್ತಿದ್ದೆ. ಕೆಲಸ ಉಳಿಯಿತು, ಕೋಣೆ ಉಳಿಯಿತು, ಇನ್ನೇನು? ಅವಳು ಅಲ್ಲಾಡಲಿಲ್ಲ.

“ನಲ್ಲಿ ಬಿಟ್ಟು ಬಂದೀನ್ರೋ, ಇಲ್ರೋ?” ಅಂದಳು.

“ಆತು ಬಿಡವಾ, ಇರು ಅಂದೀನಲ್ಲ.”

“ಇರು ಅಂದ್ರಿ. ನಾ ಕೇಳಿದ್ದು ಅದಲ್ರಿ.”

“ಕಡ್ಡಿ ಹಾಕಿದ್ದು ನೀನೋ ಅಲ್ಲೋ?”

“ಹಾಕೀನ್ರಿ. ಅದನ್ನ ನಾನ ಹೇಳೀನಿ. ನಲ್ಲಿ ಬಿಟ್ಟು ಬಂದೀನ್ರೋ, ಇಲ್ರೋ?”

ಅವನು ನನ್ನ ಕಡೆ ನೋಡಿದ, ಬಿಡಿಸು ಅನ್ನುವ ಹಾಗೆ. ನಾನು ಬಕೀಟು ತಿರುವಿ ಹಾಕಿ ಅದರ ಮೇಲೆ ಕೂತೆ. ಭಾಯಿ ನಟ್ಟು ತಿರುವುವ ಪಾನಾ ಒರೆಸುತ್ತಲೇ ಇದ್ದ.

“ಇಲ್ಲ,” ಅಂದ ಮ್ಯಾನೇಜರು. ಅವಳಿಗಲ್ಲ, ಕಮೋಡಿಗೆ ಹೇಳಿದ ಹಾಗಿತ್ತು.

“ಓನರಿಗೆ ನನ್ನ ಹೆಸ್ರು ಹೇಳಿದ್ರಿ. ಅದನ್ನ ಅವ್ರಿಗೆ ಹೇಳ್ರಿ.”

“ಆಮ್ಯಾಲ ಹೇಳ್ತೀನಿ.”

“ಹಾಲೂ ಆಮ್ಯಾಲ ಒರಸ್ತೀನ್ರಿ.”

ಹೊರಗೆ ಆಟೋ ನಿಂತ ಸದ್ದಾಯಿತು. ಸೀಮಂತದವರ ಪಾತ್ರೆ ಸಾಮಾನು ಇಳಿಯುತ್ತಿತ್ತು. ಅವನಿಗೆ ಬೇರೆ ದಾರಿ ಇರಲಿಲ್ಲ. ಫೋನು ತೆಗೆದು ಮೂಲೆಗೆ ತಿರುಗಿ ನಿಂತ. “ಹಾಂ ಸಾರ್... ಫ್ಲಶ್ಶಿಂದು ಸಾರ್, ಒಳಗ ಸೋರ್ತಿತ್ತು... ಅಕ್ಕಿ ಸಾರ್, ಅಕ್ಕಿ... ಇಲ್ರಿ, ಆಕಿದು ತಪ್ಪಿಲ್ರಿ... ಹೌದ್ರಿ, ನಾನ ಹೇಳಿದ್ದೆ, ಆದ್ರ ಆಕಿದಲ್ರಿ.” ಮುಚ್ಚಳದ ಮಾತು ಎತ್ತಲಿಲ್ಲ. ಅದು ಅವನ ಹೊಟ್ಟೆಯಲ್ಲೇ ಇರಲಿ ಅಂತ ನಾವೂ ಬಿಟ್ಟೆವು.

ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಟ್ಟೆಗಂಟನ್ನು ಕೋಣೆಯೊಳಗೆ ಎಸೆದು ಬಂದು, ಒರೆಸುವ ಬಟ್ಟೆ ಹಿಂಡಿ, ಹಾಲಿನ ಆ ತುದಿಯಿಂದ ಶುರುಮಾಡಿದಳು. ಮ್ಯಾನೇಜರು ಕಕ್ಕಿದ ಬೇಸಿನ್ನನ್ನು ಮಾತ್ರ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಸೀಮಂತದ ಹೆಂಗಸರು ಬಾಗಿಲಿಗೆ ಬಂದಾಗ ಅವನೇ ತೋಳು ಮಡಚಿ ಅದನ್ನು ತೊಳೆಯುತ್ತಿದ್ದ.